ಮೆಟ್ಟಿಲ ಕೆಳಗೊಂದು ಪೌಡರ್ ರೂಮ್: ಬಂದವರು ಏನನ್ನೂ ಕೂಗಿ ಕೇಳಬೇಕಾಗದಂತೆ

ಮೈಸೂರಿನ ಒಂದು 30-40 ಸೈಟಿನ ಮನೆ. ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಸಂಜೆ ಹೊತ್ತು ಮನೆಯಲ್ಲಿ ಸಂಗೀತದ ಪಾಠ ನಡೆಯುತ್ತದೆ, ದಿನಕ್ಕೆ ಏಳೆಂಟು ಜನ ಬಂದು ಹೋಗುತ್ತಾರೆ. ಕೆಳಮಹಡಿಯಲ್ಲಿ ಇದ್ದದ್ದು ಮಲಗುವ ಕೋಣೆಗೆ ಸೇರಿದ ಒಂದೇ ಬಚ್ಚಲು. ಅಜ್ಜಿ ನನ್ನನ್ನು ಕರೆಸಿ ಹೇಳಿದ್ದು ಇಷ್ಟು: "ಬಂದವರನ್ನ ನಮ್ಮ ಮಂಚ ದಾಟಿಸಿ ಕಳಿಸಬೇಕಮ್ಮ. ಅವರಿಗೂ ಸಂಕೋಚ, ನಮಗೂ ಸಂಕೋಚ. ಎಷ್ಟೋ ಜನ ತಡ್ಕೊಂಡೇ ಮನೆಗೆ ಹೋಗ್ತಾರೆ."

ಕಮೋಡು ಮತ್ತು ವಾಶ್ ಬೇಸಿನ್ ಮಾತ್ರ ಇರುವ, ಸ್ನಾನಕ್ಕೆ ಜಾಗವಿಲ್ಲದ ಚಿಕ್ಕ ಕೋಣೆಯನ್ನು ಪೌಡರ್ ರೂಮ್ ಎನ್ನುತ್ತೇವೆ. ಆ ಮನೆಯಲ್ಲಿ ಅದಕ್ಕೆ ಸಿಕ್ಕ ಜಾಗ ಮೆಟ್ಟಿಲ ಕೆಳಗೆ. ನಮ್ಮೂರುಗಳ 30-40 ಮನೆಗಳಲ್ಲಿ ಹತ್ತಕ್ಕೆ ಎಂಟು ಸಲ ಸಿಗುವುದೂ ಅದೇ ಜಾಗ. ಹಾಗಾಗಿ ಆ ಮನೆಯ ಅಳತೆಗಳನ್ನೇ ಇಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ನಿಮ್ಮ ಮೆಟ್ಟಿಲಿನ ಅಳತೆ ಬೇರೆ ಇರುತ್ತದೆ, ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಇಂಥ ಕೋಣೆ ಮಾಡುವಾಗ ನಾನು ಹಿಡಿದುಕೊಳ್ಳುವ ಅಳತೆಗೋಲು ಒಂದೇ. ಒಳಗೆ ಹೋದವರು ಹೊರಗಿದ್ದವರನ್ನು ಏನನ್ನೂ ಕೂಗಿ ಕೇಳುವಂತಾಗಬಾರದು. ಸ್ವಿಚ್ ಎಲ್ಲಿದೆ, ಚಿಲಕ ಬಿತ್ತೋ ಇಲ್ಲವೋ, ಫ್ಲಶ್ ಯಾವ ಕಡೆ ಒತ್ತಬೇಕು, ಕೈ ಯಾವುದಕ್ಕೆ ಒರೆಸಬೇಕು, ಒಳಗಿನ ಸದ್ದು ಹಾಲಿಗೆ ಕೇಳುತ್ತದೆಯೋ ಏನೋ. ಬಂದವರ ಮನಸ್ಸಿನಲ್ಲಿ ಇರುವುದು ಇವೇ. ಟೈಲಿನ ಬಣ್ಣ ಆಮೇಲೆ.

ಮೊದಲು ತಲೆಯ ಲೆಕ್ಕ

ಮೆಟ್ಟಿಲ ಕೆಳಗೆ ನೆಲದ ಜಾಗ ಸಾಕಷ್ಟು ಕಂಡರೂ ಸಮಸ್ಯೆ ಇರುವುದು ಎತ್ತರದಲ್ಲಿ. ಆ ಮನೆಯದು ಅರ್ಧಕ್ಕೆ ತಿರುಗಿ ಹತ್ತುವ ಮೆಟ್ಟಿಲು. ಒಂದೊಂದು ಮೆಟ್ಟಿಲು 7 ಇಂಚು ಎತ್ತರ, 10 ಇಂಚು ಅಗಲ. ಒಟ್ಟು 17 ಏರು, ಒಂಬತ್ತನೆಯದು ಮುಗಿಯುವಲ್ಲಿ ಲ್ಯಾಂಡಿಂಗ್. ಅಂದರೆ ಲ್ಯಾಂಡಿಂಗಿನ ಮೇಲ್ಮೈ ನೆಲದಿಂದ 63 ಇಂಚು. ಅದರಲ್ಲಿ ಸ್ಲ್ಯಾಬು, ಗಾರೆ ಎಂದು 6 ಇಂಚು ಕಳೆದರೆ ಕೆಳಗೆ ಉಳಿಯುವುದು 57 ಇಂಚು, 4 ಅಡಿ 9. ಅಲ್ಲಿ ಯಾರೂ ನೆಟ್ಟಗೆ ನಿಲ್ಲಲಾರರು. ಲ್ಯಾಂಡಿಂಗಿನ ಕೆಳಗೇ ಕಮೋಡು ಕೂರಿಸಿ, ಬಂದವರೆಲ್ಲ ಬಗ್ಗಿಕೊಂಡು ಹೋಗುವಂತೆ ಮಾಡಿದ ಮನೆಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನಮಗೆ ಬೇಕಾದದ್ದು ಲ್ಯಾಂಡಿಂಗಿನಿಂದ ಮುಂದಕ್ಕೆ ಮೇಲೇರುವ ಎರಡನೆಯ ಸಾಲಿನ ಕೆಳಗಿನ ಜಾಗ. ಅಲ್ಲಿ ಸೂರು ಪ್ರತಿ 10 ಇಂಚಿಗೆ 7 ಇಂಚಿನಂತೆ ಏರುತ್ತ ಹೋಗುತ್ತದೆ. ಲ್ಯಾಂಡಿಂಗಿನ ಅಂಚನ್ನು ಸೊನ್ನೆ ಎಂದು ಹಿಡಿದರೆ 30 ಇಂಚು ಮುಂದೆ ಎತ್ತರ 6 ಅಡಿ 6. ಕೋಣೆ ಮುಗಿಯುವ 66 ಇಂಚಿನಲ್ಲಿ 8 ಅಡಿ 7. ಅಗಲ ಮೆಟ್ಟಿಲಿನಷ್ಟೇ, ಟೈಲು ಗಾರೆ ಕಳೆದು 34 ಇಂಚು.

ಈ ಇಳಿಜಾರಿನಲ್ಲಿ ಕಮೋಡಿನ ಬೆನ್ನು ತಗ್ಗಿನ ಕಡೆಗೆ ಇರಬೇಕು. ಕೂತವರ ತಲೆ ನೆಲದಿಂದ ಸುಮಾರು 4 ಅಡಿ 3 ಇಂಚಿನಲ್ಲಿರುತ್ತದೆ, ಹಾಗಾಗಿ ತಗ್ಗು ಅವರಿಗೆ ತಾಗುವುದಿಲ್ಲ. ಏಳುವಾಗ ದೇಹ ಹೇಗಿದ್ದರೂ ಮುಂದಕ್ಕೆ ಬಾಗುತ್ತದೆ, ಎತ್ತರದ ಕಡೆಗೆ. ತೊಂದರೆಯಾಗುವುದು ನಿಂತು ಮೂತ್ರ ಮಾಡುವ ಗಂಡಸರಿಗೆ. ಅವರ ಪಾದ ಇರುವಲ್ಲಿ, ಅಂದರೆ ಕಮೋಡಿನ ಮುಂತುದಿಯ ಬಳಿ, ಕನಿಷ್ಠ 6 ಅಡಿ 6 ಇಂಚು ಸಿಗಲೇಬೇಕು. ಇದೊಂದು ಸಿಕ್ಕರೆ ಉಳಿದದ್ದೆಲ್ಲ ಹೊಂದಿಕೊಳ್ಳುತ್ತದೆ. ಸಿಗದಿದ್ದರೆ ಆ ಮೆಟ್ಟಿಲ ಕೆಳಗೆ ಪೌಡರ್ ರೂಮ್ ಬೇಡ.

ಆ ಮನೆಯಲ್ಲಿ ಲ್ಯಾಂಡಿಂಗಿನ ಅಂಚಿನಿಂದ 8 ಇಂಚು ಮುಂದಕ್ಕೆ, ಮೂರೂವರೆ ಅಡಿ ಎತ್ತರದ ಒಂದು ಮೋಟುಗೋಡೆ ಎಬ್ಬಿಸಿ, ಅದರೊಳಗೆ ಫ್ಲಶ್ ಟ್ಯಾಂಕ್ ಅಡಗಿಸಿದೆವು. ಗೋಡೆಗೆ ತೂಗುವ ಕಮೋಡು ಅಲ್ಲಿಂದ 21 ಇಂಚು ಮುಂದೆ ಬರುತ್ತದೆ. 8 ಮತ್ತು 21, ಒಟ್ಟು 29. ಮುಂತುದಿ ಹೆಚ್ಚುಕಡಿಮೆ ಆರೂವರೆ ಅಡಿ ಎತ್ತರ ಸಿಗುವ ಜಾಗಕ್ಕೆ ಬಂತು. ಮೋಟುಗೋಡೆಯ ತಲೆ ಹೇಗಿದ್ದರೂ ಉಳಿಯುತ್ತದಲ್ಲ, ಅದೇ ಬಂದವರು ಮೊಬೈಲು, ಪರ್ಸು ಇಡುವ ಕಟ್ಟೆಯಾಯಿತು.

ಇಷ್ಟನ್ನೂ ಕಾಗದದ ಮೇಲೆ ನಂಬಬೇಡಿ. ಗೋಡೆ ಕಟ್ಟುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೋಡೆ, ಬಾಗಿಲು ಗೀರಿ. ಕಮೋಡಿನ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇಡಿ. ಬೇಸಿನ್ ಬರುವಲ್ಲಿ ಅದೇ ಅಳತೆಯ ರಟ್ಟಿನ ಪೆಟ್ಟಿಗೆಯನ್ನು ಯಾರಾದರೂ ಹಿಡಿದು ನಿಲ್ಲಲಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಒಳಗೆ ಬಂದು, ಕೂತು, ಎದ್ದು, ತಿರುಗಿ, ಕೈ ತೊಳೆಯುವಂತೆ ಮಾಡಲಿ. ಸೀರೆ ಉಟ್ಟ ಒಬ್ಬರೂ ಇದನ್ನು ಮಾಡಿ ನೋಡಲಿ, ತಿರುಗುವಾಗ ಸೆರಗು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ಈ ಅರ್ಧ ಗಂಟೆಯಲ್ಲೇ ನಾವು ಬೇಸಿನ್ನನ್ನು 4 ಇಂಚು ಆಚೆ ಸರಿಸಿದೆವು. ಇನ್ನೊಂದು ಮಾತು: ಎತ್ತರ ಸಾಲದೆಂದು ಮೆಟ್ಟಿಲಿನ ಕಾಂಕ್ರೀಟನ್ನು ಕೆಳಗಿನಿಂದ ಒಂದಿಂಚೂ ಕೆತ್ತಬಾರದು. ಅದರ ಕಬ್ಬಿಣ ಇರುವುದು ಆ ತಳಭಾಗದಲ್ಲೇ.

ವಾಸ್ತು ನೋಡುವ ಮನೆಯವರು ಮೆಟ್ಟಿಲ ಕೆಳಗೆ ಶೌಚಾಲಯ ಬೇಡ ಎನ್ನುವುದುಂಟು. ಈಶಾನ್ಯ ಮೂಲೆ, ದೇವರ ಮನೆಗೆ ತಾಗಿದ ಗೋಡೆ ಇವೆರಡನ್ನು ಬಿಡಬೇಕೆಂದು ಬಹಳ ಜನ ಕೇಳುತ್ತಾರೆ. ಅದನ್ನು ಮೊದಲ ದಿನವೇ ಹಿರಿಯರ ಹತ್ತಿರ ಮಾತಾಡಿ ಮುಗಿಸಿ. ಪೈಪು ಹಾಕಿದ ಮೇಲೆ ಬರುವ ಆಕ್ಷೇಪಣೆಗೆ ಪರಿಹಾರ ಇರುವುದಿಲ್ಲ.

ಬಾಗಿಲು ತೆರೆದಾಗ ಕಾಣುವುದೇನು

ಬಾಗಿಲನ್ನು ಕೋಣೆಯ ತುದಿಗೆ ಇಟ್ಟರೆ ತೆರೆದ ಕೂಡಲೇ ಎದುರಿಗೆ ಕಾಣುವುದು ಕಮೋಡು. ಒಳಗೆ ಹೋಗುವವರಿಗೂ ಅದೇ, ಹಾಲಿನಲ್ಲಿ ಕೂತವರಿಗೂ ಅದೇ. ಆದ್ದರಿಂದ ಬಾಗಿಲು ಉದ್ದನೆಯ ಗೋಡೆಯಲ್ಲಿ, ಎತ್ತರದ ತುದಿಗೆ ಬಂತು. ಅದರ ಎದುರು ಗೋಡೆಗೆ ಬೇಸಿನ್, ಬೇಸಿನ್ ಮೇಲೆ ಕನ್ನಡಿ, ಕನ್ನಡಿಯ ಪಕ್ಕ ದೀಪ. ಕಮೋಡು ಎಡಕ್ಕೆ ಮರೆಯಾಗಿ ಇದೆ. ಕೋಣೆ ಅಷ್ಟೇ, ಸಾಮಾನು ಅಷ್ಟೇ, ಆದರೆ ಬಾಗಿಲು ತೆರೆದವರಿಗೆ ಕಾಣುವುದು ಬೆಳಕು ಮತ್ತು ತಮ್ಮದೇ ಮುಖ.

ಬಾಗಿಲು ಹೊರಕ್ಕೆ ತೆರೆಯಬೇಕು. 34 ಇಂಚು ಅಗಲದ ಕೋಣೆಯಲ್ಲಿ ಒಳಕ್ಕೆ ತೆರೆದರೆ ಒಳಗಿದ್ದವರು ಕಮೋಡಿನ ಮೇಲೆ ಕೂತೇ ಬಾಗಿಲು ಮುಚ್ಚಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣವಿದೆ. ವಯಸ್ಸಾದವರು ಒಳಗೆ ತಲೆಸುತ್ತಿ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡವಾಗಿ, ಹೊರಗಿನವರು ತೆಗೆಯಲಾರರು. ಹೊರಕ್ಕೆ ತೆರೆಯುವ ಬಾಗಿಲಿನ ಹಿಂಜನ್ನು ಊಟದ ಮೇಜಿನ ಕಡೆಗೆ ಕೊಟ್ಟೆವು. ಆಗ ತೆರೆದ ಬಾಗಿಲೇ ಮೇಜಿನಲ್ಲಿ ಕೂತವರಿಗೆ ಪರದೆಯಾಗುತ್ತದೆ. ಬಾಗಿಲಿನ ಅಗಲ 2 ಅಡಿ 6 ಇಂಚು, ಸೂರಿನ ಇಳಿಜಾರಿಗೆ ಹೊಂದಿಸಿ ಎತ್ತರ 6 ಅಡಿ 4. ಹೊರಗಡೆ ಜಾಗವೇ ಇಲ್ಲದಿದ್ದರೆ ಜಾರುಬಾಗಿಲು ಹಾಕಬಹುದು, ಆದರೆ ಅದು ಸದ್ದು ತಡೆಯುವುದಿಲ್ಲ. ಹಾಲಿಗೆ ಅಂಟಿಕೊಂಡ ಕೋಣೆಗೆ ನಾನು ಅದನ್ನು ಒಪ್ಪುವುದಿಲ್ಲ.

ಚಿಲಕ ಒಳಗಿನಿಂದ ತಿರುಗಿಸುವಂಥದ್ದಿರಲಿ, ಹೊರಗಿನಿಂದ ತುರ್ತಿಗೆ ನಾಣ್ಯ ಹಾಕಿ ತಿರುಗಿಸಲು ಬರುವಂಥದ್ದಿರಲಿ. ತಿರುಗಿಸಿದಾಗ ಹೊರಗೆ ಕೆಂಪು, ಹಸಿರು ಗುರುತು ಕಾಣುವ ಚಿಲಕವಾದರೆ ಯಾರೂ ಬಾಗಿಲು ತಳ್ಳಿ ನೋಡುವುದಿಲ್ಲ, ಒಳಗಿದ್ದವರಿಗೂ ಎದೆ ಝಲ್ಲೆನ್ನುವುದಿಲ್ಲ.

ಸ್ವಿಚ್ ಒಳಗಿರಬೇಕು. ನಮ್ಮ ಕಡೆ ಬಚ್ಚಲಿನ ಸ್ವಿಚ್ಚನ್ನು ಹೊರಗೆ ಇಡುವುದು ರೂಢಿ, ನೀರೆರಚುವ ಜಾಗಕ್ಕೆ ಅದು ಸರಿ. ಇಲ್ಲಿ ಸ್ನಾನವಿಲ್ಲ. ಹೊರಗಿಟ್ಟರೆ ದೀಪ ಸುಮ್ಮನೆ ಉರಿಯುತ್ತಿದೆ ಎಂದುಕೊಂಡು ಮನೆಯವರೇ ಯಾರೋ ಆರಿಸಿಬಿಡುತ್ತಾರೆ, ಒಳಗೆ ಅತಿಥಿ ಕತ್ತಲಲ್ಲಿ ಕೂತಿರುತ್ತಾರೆ. ಬಾಗಿಲು ತೆರೆದು ಕೈ ಚಾಚಿದರೆ ಸಿಗುವಂತೆ, ಚಿಲಕದ ಕಡೆಯ ಗೋಡೆಗೆ, ನಾಲ್ಕಡಿ ಎತ್ತರದಲ್ಲಿ, ಕತ್ತಲಲ್ಲಿ ಮಿನುಗುವ ಚಿಕ್ಕ ದೀಪವಿರುವ ಒಂದೇ ಸ್ವಿಚ್. ಬೇಸಿನ್ನಿನ ನೀರು ಸಿಡಿಯದಷ್ಟು ದೂರ ಇರುವಂತೆ ನೋಡಿಕೊಳ್ಳಿ. ದೀಪ, ಫ್ಯಾನು ಎರಡೂ ಅದೊಂದರಲ್ಲೇ ಹತ್ತಲಿ.

ವಾಸನೆ ಎಲ್ಲಿಂದ ಬರುತ್ತದೆ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ, ಏಕೆಂದರೆ ಪೌಡರ್ ರೂಮು ಕೆಡುವುದು ಇಲ್ಲೇ. ನಾನು ಮೊದಲ ಸಲ ಇಂಥ ಕೋಣೆ ಮಾಡಿದಾಗ ಕೆಟ್ಟದ್ದೂ ಇಲ್ಲೇ. ಕೋಣೆ ಹೊಸದು, ಟೈಲು ಹೊಳೆಯುತ್ತಿತ್ತು. ಮೂರು ತಿಂಗಳಾದ ಮೇಲೆ, ಏಪ್ರಿಲ್‌ನಲ್ಲಿ, ಮನೆಯವರು ಫೋನ್ ಮಾಡಿದರು. ಬಾಗಿಲು ತೆಗೆದರೆ ಚರಂಡಿ ವಾಸನೆ. ಕಮೋಡು ತೊಳೆದರು, ಆಸಿಡ್ ಹಾಕಿದರು, ನುಸಿ ಗುಳಿಗೆ ಇಟ್ಟರು. ಹೋಗಲಿಲ್ಲ.

ಕಾರಣ ನೆಲದ ಜಾಲರಿಯ ಕೆಳಗಿತ್ತು. ಅಲ್ಲಿ ನೀರು ಹಿಡಿದಿಡುವ ಬಟ್ಟಲಿನಂಥ ನಹಾನಿ ಟ್ರ್ಯಾಪಿನಲ್ಲಿ ಸುಮಾರು ಎರಡು ಇಂಚು, 50 ಮಿಲಿಮೀಟರ್, ನೀರು ಸದಾ ನಿಂತಿರುತ್ತದೆ. ಚರಂಡಿಯ ಗಾಳಿಗೂ ನಿಮ್ಮ ಮೂಗಿಗೂ ನಡುವೆ ಇರುವ ತಡೆ ಅದೊಂದೇ. ಬಚ್ಚಲಿನಲ್ಲಿ ದಿನವೂ ಸ್ನಾನವಾಗುವುದರಿಂದ ಆ ನೀರು ತುಂಬುತ್ತಲೇ ಇರುತ್ತದೆ. ಪೌಡರ್ ರೂಮಿನಲ್ಲಿ ಸ್ನಾನವಿಲ್ಲ, ನೆಲಕ್ಕೆ ನೀರು ಬೀಳುವುದೇ ಕಡಿಮೆ. ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಆ ಎರಡಿಂಚು ಆರಿಹೋಗುತ್ತದೆ, ಎಕ್ಸಾಸ್ಟ್ ಫ್ಯಾನು ಎಳೆಯುವ ಗಾಳಿಯಿಂದ ಇನ್ನೂ ಬೇಗ. ಆಮೇಲೆ ಫ್ಯಾನು ಹಾಕಿದಾಗಲೆಲ್ಲ ಚರಂಡಿಯ ಗಾಳಿಯನ್ನೇ ಕೋಣೆಗೆ ಎಳೆದಂತೆ.

ಪರಿಹಾರ ಸುಲಭ, ಆದರೆ ನೆಲ ಹಾಕುವ ಮೊದಲೇ ಮಾಡಬೇಕು. ಬೇಸಿನ್ನಿನ ನೀರು ಹೋಗುವ ಪೈಪನ್ನು ನೇರವಾಗಿ ಹೊರಗೆ ಬಿಡದೆ ನಹಾನಿ ಟ್ರ್ಯಾಪಿನ ಪಕ್ಕದ ಬಾಯಿಗೆ ಸೇರಿಸಿ. ಪಕ್ಕದಲ್ಲಿ ಬಾಯಿ ಇರುವ ಟ್ರ್ಯಾಪುಗಳು ಅಂಗಡಿಯಲ್ಲಿ ಸಿಗುತ್ತವೆ, ಪ್ಲಂಬರ್‌ಗೆ ಮಲ್ಟಿ ಟ್ರ್ಯಾಪ್ ಎಂದರೆ ತಿಳಿಯುತ್ತದೆ. ಆಗ ಒಬ್ಬರು ಕೈ ತೊಳೆದಾಗಲೆಲ್ಲ ಟ್ರ್ಯಾಪು ತನ್ನಷ್ಟಕ್ಕೆ ತುಂಬುತ್ತದೆ. ಬೇಸಿನ್ನಿನ ಕೆಳಗೆ ಬಾಟಲ್ ಟ್ರ್ಯಾಪೂ ಇರಲಿ. ಜಾಲರಿಯ ಮೂಲಕ ಗಾಳಿಯಾಡುವುದರಿಂದ ಎರಡು ಟ್ರ್ಯಾಪಿದ್ದರೂ ನೀರು ಕಟ್ಟಿಕೊಳ್ಳುವುದಿಲ್ಲ. ಆ ಮನೆಯಲ್ಲಿ ಬೇಸಿನ್ನಿನಿಂದ ಟ್ರ್ಯಾಪಿಗೆ ನಾಲ್ಕಡಿ ದೂರ. 40 ಮಿಲಿಮೀಟರ್ ಪೈಪು ನೆಲದೊಳಗೆ ಒಂದಿಂಚು ವಾಟದಲ್ಲಿ ಹೋಯಿತು.

ಟ್ರ್ಯಾಪಿನಿಂದ ಹೊರಟ ನೀರು ಹೊರಗಿನ ಗಲ್ಲಿ ಟ್ರ್ಯಾಪಿಗೆ, ಕಮೋಡಿನ ನೀರು ಬೇರೆಯಾಗಿ ಚೇಂಬರಿಗೆ. ಕಮೋಡು ಹಿಂದಕ್ಕೆ, ಗೋಡೆಯ ಮೂಲಕ ಬಿಡುವಂಥದ್ದನ್ನು ಆರಿಸಿದ್ದರಿಂದ 110 ಮಿಲಿಮೀಟರ್ ಪೈಪು ಲ್ಯಾಂಡಿಂಗಿನ ಕೆಳಗಿನ ತಗ್ಗು ಜಾಗದಲ್ಲಿ ಮೂರಡಿ ಸಾಗಿ ನೇರ ಹೊರಗೋಡೆ ದಾಟಿತು. ಯಾರೂ ನಿಲ್ಲಲಾಗದ ಆ 4 ಅಡಿ 9 ಇಂಚಿನ ಮೂಲೆ ಪೈಪುಗಳ ಮನೆಯಾಯಿತು. ಮುಂದೆ ರಿಪೇರಿಗೆ ಆ ಮೂಲೆಗೆ ಹೊರಗಿನಿಂದ ಒಂದು ಚಿಕ್ಕ ಬಾಗಿಲು ಬಿಟ್ಟಿದ್ದೇವೆ, ಪೊರಕೆ ಮಾಪೂ ಅಲ್ಲೇ ಇರುತ್ತವೆ.

ಫ್ಯಾನು ಕೂರಬೇಕಾದದ್ದು ಕಮೋಡಿನ ಹಿಂದೆ, ಮೋಟುಗೋಡೆಯ ಮೇಲೆ. ವಾಸನೆ ಹುಟ್ಟುವಲ್ಲೇ ಅದನ್ನು ಎಳೆದುಕೊಳ್ಳಬೇಕು, ಬಾಗಿಲ ಮೇಲಿಂದಲ್ಲ. 6 ಇಂಚಿನ ಫ್ಯಾನು, ಅಲ್ಲಿಂದ ಪೈಪು ಅದೇ ತಗ್ಗು ಜಾಗ ದಾಟಿ ಹೊರಗೆ. ದೀಪ ಆರಿಸಿದ ಮೇಲೂ ಐದು ನಿಮಿಷ ತಿರುಗುವಂತೆ ಎಲೆಕ್ಟ್ರಿಷಿಯನ್ ಹತ್ತಿರ ಟೈಮರ್ ಹಾಕಿಸಿದೆವು. ಮುಂದಿನವರು ಕೂಡಲೇ ಒಳಗೆ ಹೋದರೂ ಮುಜುಗರವಿಲ್ಲ.

ಫ್ಯಾನು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಸಂದು ಬಿಡದಿದ್ದರೆ ಫ್ಯಾನು ಬರೀ ಸದ್ದು ಮಾಡುತ್ತದೆ. ಪರೀಕ್ಷೆಗೆ ಊದುಬತ್ತಿ ಸಾಕು. ಬಾಗಿಲು ಮುಚ್ಚಿ, ಫ್ಯಾನು ಹಾಕಿ, ಹೊರಗಿನಿಂದ ಸಂದಿನ ಬಳಿ ಹಿಡಿಯಿರಿ. ಹೊಗೆ ಒಳಕ್ಕೆ ಸರಸರನೆ ಎಳೆದುಕೊಂಡರೆ ಸರಿ. ನೆಟ್ಟಗೆ ಮೇಲಕ್ಕೆ ಹೋದರೆ ಎಲ್ಲೋ ತಡೆಯಿದೆ: ಸಂದು ಸಾಲದು, ಇಲ್ಲವೇ ಹೊರಗೋಡೆಯ ಮುಚ್ಚಳ ತೆರೆಯುತ್ತಿಲ್ಲ.

ಸದ್ದಿನ ಮಾತೂ ಇಲ್ಲಿಗೇ ಸೇರುತ್ತದೆ. ಟೊಳ್ಳು ಬಾಗಿಲು ಬೇಡ, ಒಳಗೆ ತುಂಬಿದ ಫ್ಲಶ್ ಡೋರ್ ಹಾಕಿ. ಗೋಡೆ ನಾಲ್ಕಿಂಚಿನದಾದರೂ ಎರಡೂ ಕಡೆ ಗಾರೆ ಆಗಿರಲಿ. ಕೆಳಗಿನ ಸಂದಿನಿಂದ ಸ್ವಲ್ಪ ಸದ್ದು ಹೊರಗೆ ಬಂದೇ ಬರುತ್ತದೆ, ಅದನ್ನು ಮುಚ್ಚುವುದು ಫ್ಯಾನಿನ ಗುಂಯ್‌ಗುಡುವಿಕೆ. ಅದಕ್ಕೇ ದೀಪ ಫ್ಯಾನು ಒಂದೇ ಸ್ವಿಚ್ಚಿನಲ್ಲಿರಲಿ ಎಂದದ್ದು. ಫ್ಯಾನು ಬೇರೆ ಇದ್ದರೆ ಅತಿಥಿ ಅದನ್ನು ಹುಡುಕಿ ಹಾಕುವುದಿಲ್ಲ.

ನೆಲ, ನೀರು, ಹೆಲ್ತ್ ಫಾಸೆಟ್

ಸ್ನಾನವಿಲ್ಲದಿದ್ದರೂ ನಮ್ಮ ಜನ ನೀರು ಬಳಸುವವರು, ನೆಲ ಒದ್ದೆಯಾಗುತ್ತದೆ. ಹಾಗೆಂದು ಬಚ್ಚಲಿನಂತೆ ಎರಡಿಂಚು ತಗ್ಗಿಸಿದರೆ ಹೊಸಬರು ಎಡವುತ್ತಾರೆ. ಹೊಸಿಲಿನಲ್ಲಿ ಅರ್ಧ ಇಂಚು ತಗ್ಗು ಸಾಕು. ಕೋಣೆಯ ಉದ್ದಕ್ಕೆ ಬಾಗಿಲಿನಿಂದ ಮೋಟುಗೋಡೆಯ ಮೂಲೆಯ ಜಾಲರಿಗೆ ಮುಕ್ಕಾಲು ಇಂಚು ವಾಟ. ಟೈಲು ಹಾಕಿದ ಮರುದಿನ ಒಂದು ಚೆಂಬು ನೀರು ಹೊಸಿಲ ಬಳಿ ಚೆಲ್ಲಿ ನೋಡಿ, ಎಲ್ಲೂ ನಿಲ್ಲದೆ ಜಾಲರಿ ಸೇರಬೇಕು. ಕಮೋಡಿನ ಮುಂದೆ ಪಾದ ಇಡುವ ಜಾಗದಲ್ಲಿ ನೀರು ನಿಂತರೆ ಮೇಸ್ತ್ರಿಯಿಂದ ಆ ಟೈಲನ್ನು ಆಗಲೇ ತೆಗೆಸಿ. ಕಾಲುಚೀಲ ಒದ್ದೆಯಾದ ಅತಿಥಿ ಆ ಮನೆಯನ್ನು ಮರೆಯುವುದಿಲ್ಲ.

ಹೆಲ್ತ್ ಫಾಸೆಟ್ ಕೂತವರ ಬಲಗೈಗೆ, ಕಮೋಡಿನ ಮಧ್ಯಕ್ಕಿಂತ ಸ್ವಲ್ಪ ಮುಂದೆ, ನೆಲದಿಂದ ಎರಡಡಿ ಎತ್ತರಕ್ಕೆ. ತೀರಾ ಹಿಂದೆ ಹಾಕಿದರೆ ವಯಸ್ಸಾದವರು ಭುಜ ತಿರುಗಿಸಲಾರರು. ಇದರ ರಭಸ ಹೆಚ್ಚಿದ್ದರೆ ಹೊಸಬರು ಒತ್ತಿದ ಕೂಡಲೇ ಗೋಡೆ, ಸೀರೆ ಎಲ್ಲ ಒದ್ದೆ. ಕೆಳಗಿನ ಆಂಗಲ್ ಕಾಕನ್ನು ತಿರುಗಿಸುತ್ತ, ಪೂರ್ತಿ ಒತ್ತಿದಾಗಲೂ ಧಾರೆ ಮೆತ್ತಗೆ ಬೀಳುವಷ್ಟಕ್ಕೆ ಇಳಿಸಿ, ಅಲ್ಲೇ ಬಿಟ್ಟುಬಿಡಿ.

ತೂಗುವ ಕಮೋಡನ್ನು ಹಾಲೋ ಬ್ಲಾಕ್ ಗೋಡೆಗೆ ನೇರ ಬಿಗಿಯಬಾರದು, ಭಾರ ತಡೆಯದು. ನೆಲಕ್ಕೆ ಬೋಲ್ಟಾಗುವ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಬೇಕು, ಅದನ್ನು ಮುಚ್ಚಲೆಂದೇ ಮೋಟುಗೋಡೆ. ಖರ್ಚು ಹೆಚ್ಚಾಯಿತೆಂದರೆ ಹಿಂದಕ್ಕೆ ಬಿಡುವ, ನೆಲದ ಮೇಲೆ ಕೂರುವ ಕಮೋಡೂ ಆದೀತು. ನಾನು ತೂಗುವುದನ್ನೇ ಇಷ್ಟಪಡುವುದು ಕೆಳಗೆ ಮಾಪು ಸಲೀಸಾಗಿ ಆಡುತ್ತದೆ ಎಂಬುದಕ್ಕೆ, ಮತ್ತು ಎತ್ತರ ನಮ್ಮ ಕೈಯಲ್ಲಿರುತ್ತದೆ ಎಂಬುದಕ್ಕೆ. ಮಂಡಿ ನೋವಿನವರು ಬರುವ ಮನೆಯಾದ್ದರಿಂದ ಸೀಟನ್ನು 17 ಇಂಚಿಗೆ ಇಟ್ಟೆವು. ಬಾಗಿಲ ಕಡೆಯ ಗೋಡೆಗೆ, ಸೀಟಿನಿಂದ 9 ಇಂಚು ಮೇಲೆ ಒಂದು ಹಿಡಿಕೆ. ಫ್ಲಶ್‌ನ ದೊಡ್ಡ ಗುಂಡಿ, ಚಿಕ್ಕ ಗುಂಡಿ ನೋಡಿದರೆ ತಿಳಿಯುವಂತಿರಲಿ. ಗೋಡೆಯಂತೆಯೇ ಕಾಣುವ ಗುಂಡಿ ಚಂದ, ಆದರೆ ಹುಡುಕಬೇಕು.

ನೆಲಕ್ಕೆ ಮಿರುಗದ, ಜಾರದ ಟೈಲು. ಸಂದುಗಳಿಗೆ ಎಪಾಕ್ಸಿ ತುಂಬಿಸಿ, ಸಾದಾ ಸಿಮೆಂಟು ಎರಡು ವರ್ಷದಲ್ಲಿ ಕಪ್ಪಾಗುತ್ತದೆ. ಅಮೃತಶಿಲೆ, ಆತಂಗುಡಿ ಟೈಲು ಇಲ್ಲಿ ಬೇಡ. ಕೆಲಸದವರು ಒಂದು ದಿನ ಆಸಿಡ್ ಹಾಕಿ ತೊಳೆದರೆ ಅವು ಮತ್ತೆ ಮೊದಲಿನಂತಾಗುವುದಿಲ್ಲ.

ಬೇಸಿನ್, ಕನ್ನಡಿ, ಬೆಳಕು

34 ಇಂಚಿನಲ್ಲಿ ಬೇಸಿನ್ 10 ಇಂಚು ಮುಂದೆ ಬಂದರೆ ಓಡಾಡಲು 24 ಉಳಿಯುತ್ತದೆ, ಅದಕ್ಕಿಂತ ಕಡಿಮೆ ಮಾಡಬೇಡಿ. ಚಿಕ್ಕ ಬೇಸಿನ್ನಿನ ದೋಷ ಒಂದೇ, ನೀರು ಸಿಡಿಯುವುದು. ಎತ್ತರದ ನಲ್ಲಿಯಿಂದ ಬಿದ್ದ ಧಾರೆ ಬೇಸಿನ್ನಿನ ಮುಂಭಾಗದ ಇಳಿಜಾರಿಗೆ ಬಡಿದರೆ ನೇರ ಹೊಟ್ಟೆಯ ಮೇಲೆ ಹಾರುತ್ತದೆ. ಹೊರಗೆ ಬಂದವರ ಪ್ಯಾಂಟಿನ ಮುಂದೆ ಒದ್ದೆ ಕಲೆ ಎಂದರೆ ಎಂಥ ಮುಜುಗರ ಯೋಚಿಸಿ. ನಲ್ಲಿಯ ಬಾಯಿ ಬೇಸಿನ್ನಿನ ಅಂಚಿನಿಂದ ನಾಲ್ಕೈದು ಇಂಚಿಗಿಂತ ಮೇಲಿರದಂತೆ, ಧಾರೆ ನೀರು ಇಳಿಯುವ ತೂತಿನ ಹತ್ತಿರವೇ ಬೀಳುವಂತೆ ಆರಿಸಿ. ನೊರೆಯಂತೆ ನೀರು ಬಿಡುವ ಜಾಲರಿ ನಲ್ಲಿಯ ತುದಿಗೆ ಇರಲಿ. ಅಂಗಡಿಯಲ್ಲಿ ಬೇಸಿನ್ನಿನ ಪಕ್ಕ ನಲ್ಲಿ ಹಿಡಿದು ಕಣ್ಣಳತೆಯಲ್ಲೇ ನೋಡಬಹುದು. ಬೇಸಿನ್ನಿನ ಅಂಚು ನೆಲದಿಂದ 33 ಇಂಚು. ಕಟ್ಟೆಯ ಮೇಲೆ ಬಟ್ಟಲಿನಂತೆ ಕೂರುವ ಬೇಸಿನ್ನಾದರೆ ಈ ಅಳತೆ ಬಟ್ಟಲಿನ ಅಂಚಿಗೆ, ಕಟ್ಟೆಗಲ್ಲ. ಇದನ್ನು ಮರೆತು ಮೊಣಕೈ ಎತ್ತಿ ಕೈ ತೊಳೆಯುವಂತಾದ ಮನೆಗಳು ಬೇಕಾದಷ್ಟಿವೆ.

ಬೋರ್‌ವೆಲ್ ನೀರಿನ ಊರಲ್ಲಿ ಕಪ್ಪು ನಲ್ಲಿ, ಕಪ್ಪು ಬೇಸಿನ್ ಬೇಡ. ಒಣಗಿದ ಪ್ರತಿ ಹನಿಯೂ ಬಿಳಿ ಉಪ್ಪಿನ ಚುಕ್ಕೆಯಾಗಿ ಉಳಿಯುತ್ತದೆ, ತೊಳೆದಿದ್ದರೂ ಕೊಳೆಯಂತೆ ಕಾಣುತ್ತದೆ. ಬಿಳಿ ಪಿಂಗಾಣಿ, ಸಾದಾ ಕ್ರೋಮ್ ನಲ್ಲಿ ಹಾಕಿ ನೆಮ್ಮದಿಯಾಗಿರಿ.

ಬೆಳಕಿನ ವಿಷಯದಲ್ಲಿ ಬಹುತೇಕರು ಸೂರಿನ ನಡುವೆ ಒಂದು ಬಿಳಿ ದೀಪ ಹಾಕಿ ಮುಗಿಸುತ್ತಾರೆ. ಕನ್ನಡಿ ಮುಂದೆ ನಿಂತಾಗ ಆ ದೀಪ ತಲೆಯ ಹಿಂದೆ ಬಿದ್ದು, ಕಣ್ಣಿನ ಕೆಳಗೆ, ಮೂಗಿನ ಕೆಳಗೆ ನೆರಳು. ಹತ್ತು ವರ್ಷ ವಯಸ್ಸಾದಂತೆ ಕಾಣುತ್ತದೆ. ಮುಖಕ್ಕೆ ಬೆಳಕು ಬರಬೇಕಾದದ್ದು ಕನ್ನಡಿಯ ಎರಡು ಪಕ್ಕಗಳಿಂದ, ಮುಖದ ಎತ್ತರದಲ್ಲಿ, ನೆಲದಿಂದ ಸುಮಾರು ಐದೂಕಾಲು ಅಡಿಗೆ. ಬಣ್ಣ 3000 ಕೆಲ್ವಿನ್, ಬೆಚ್ಚಗಿನ ಹಳದಿ. ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಮೇಲೆ ಎಂದಿದ್ದರೆ ಕುಂಕುಮ ಕುಂಕುಮದಂತೆ, ಸೀರೆ ಬಣ್ಣ ಸೀರೆಯ ಬಣ್ಣದಂತೆ ಕಾಣುತ್ತದೆ. ನಮ್ಮ ಹೆಂಗಸರು ಈ ಕೋಣೆಗೆ ಬರುವುದೇ ಎಷ್ಟೋ ಸಲ ಕುಂಕುಮ ಸರಿಮಾಡಿಕೊಳ್ಳಲು, ಮುಡಿದ ಮಲ್ಲಿಗೆ ಸರಿಯಾಗಿದೆಯೇ ನೋಡಿಕೊಳ್ಳಲು. ಕನ್ನಡಿ ಮೂರೂವರೆ ಅಡಿಯಿಂದ ಆರು ಅಡಿಯವರೆಗೆ ಇದ್ದರೆ ಹತ್ತು ವರ್ಷದ ಹುಡುಗಿಗೂ, ಆರಡಿ ಎತ್ತರದವರಿಗೂ ಮುಖ ಕಾಣುತ್ತದೆ.

ಗೋಡೆಗೆ ಟೈಲು ನಾಲ್ಕಡಿಯವರೆಗೆ ಸಾಕು, ಮೇಲೆ ತೊಳೆಯಬಹುದಾದ ಪೇಂಟು. ಇಳಿಜಾರು ಸೂರಿಗೂ ಅದೇ ಬಣ್ಣ ಹಚ್ಚಿ. ಗೋಡೆ ಒಂದು ಬಣ್ಣ, ಸೂರು ಬಿಳಿ ಮಾಡಿದರೆ ಕಣ್ಣು ಮೊದಲು ಆ ಓರೆ ಗೆರೆಗೇ ಹೋಗುತ್ತದೆ, ತಲೆ ತಾಗುತ್ತದೆ ಎನ್ನಿಸುತ್ತದೆ. ಆ ಮನೆಗೆ ಹಿರಿಯರು ಆರಿಸಿದ್ದು ಹಳೇ ಕಾವಿ ನೆಲದ ಬಣ್ಣಕ್ಕೆ ಹತ್ತಿರದ, ತಿಳಿಯಾದ ಮಣ್ಣಿನ ಕೆಂಪು. ನನಗೆ ಸ್ವಲ್ಪ ಅಳುಕಿತ್ತು. ಹಳದಿ ಬೆಳಕು ಬಿದ್ದ ಮೇಲೆ ನೋಡಿದರೆ ಅವರ ಆಯ್ಕೆಯೇ ಸರಿ.

ಕೈಗೆ ಸಿಗುವ ವಸ್ತುಗಳು

ಕೊಕ್ಕೆ ಎರಡು. ಒಂದು ಬಾಗಿಲ ಹಿಂದೆ, ಕೈಚೀಲಕ್ಕೆ. ಇನ್ನೊಂದು ಕಮೋಡಿನ ಪಕ್ಕ, ದುಪ್ಪಟ್ಟಾ ಶಾಲಿಗೆ. ಕೈ ಒರೆಸಲು ಒಂದೇ ಟವಲು ನೇತು ಹಾಕಿದರೆ ಎರಡನೆಯವರು ಅದನ್ನು ಮುಟ್ಟುವುದಿಲ್ಲ, ಸೀರೆಗೋ ಪ್ಯಾಂಟಿಗೋ ಒರೆಸಿಕೊಳ್ಳುತ್ತಾರೆ. ಅಂಗೈ ಅಗಲದ ಹತ್ತಿ ಬಟ್ಟೆಗಳನ್ನು ಮಡಿಸಿ ಮೋಟುಗೋಡೆಯ ಕಟ್ಟೆಯ ಮೇಲಲ್ಲ, ಬೇಸಿನ್ನಿನ ಪಕ್ಕ ಒಂದು ಬುಟ್ಟಿಯಲ್ಲಿಡಿ, ಬಳಸಿದ್ದಕ್ಕೆ ಕೆಳಗೆ ಇನ್ನೊಂದು ಬುಟ್ಟಿ. ಒಂದು ಬಳಸಿದ ಬಟ್ಟೆಯನ್ನು ನೀವೇ ಮೊದಲು ಆ ಬುಟ್ಟಿಗೆ ಹಾಕಿಟ್ಟರೆ ಬಂದವರಿಗೆ ಹೇಳಬೇಕಾಗಿಲ್ಲ. ಸೋಪು ಒತ್ತುವ ಬಾಟಲಿಯದು. ಟಿಶ್ಯೂ ಸುರುಳಿ ಒಂದು ಬಳಕೆಗೆ, ಇನ್ನೊಂದು ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ.

ಮುಚ್ಚಳವಿರುವ, ಕಾಲಲ್ಲಿ ಒತ್ತುವ ಕಸದ ಡಬ್ಬಿ ಕಮೋಡಿನಿಂದ ಕೈಗೆಟಕುವಲ್ಲಿ ಇರಲೇಬೇಕು. ಇಲ್ಲದಿದ್ದರೆ ಹೆಣ್ಣುಮಕ್ಕಳು ಪ್ಯಾಡನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋಗಬೇಕು, ಅಥವಾ ಬೇರೆ ದಾರಿಯಿಲ್ಲದೆ ಕಮೋಡಿಗೆ ಹಾಕಬೇಕು, ಪೈಪು ಕಟ್ಟುತ್ತದೆ. ಮೋಟುಗೋಡೆಯ ಮೇಲೆ ಒಂದು ಚಿಕ್ಕ ಮರದ ಪೆಟ್ಟಿಗೆಯಲ್ಲಿ ನಾಲ್ಕು ಪ್ಯಾಡು, ಎರಡು ಸೇಫ್ಟಿ ಪಿನ್ನು, ಒಂದು ಬಿಂದಿ ಹಾಳೆ ಇಟ್ಟದ್ದು ಅಜ್ಜಿಯದೇ ಯೋಚನೆ. ಪಾಠಕ್ಕೆ ಬರುವ ಹುಡುಗಿಯರನ್ನು ಇಪ್ಪತ್ತು ವರ್ಷ ನೋಡಿದವರು ಅವರು.

ಒಪ್ಪಿಸುವ ಮೊದಲು

ಕೆಲಸ ಮುಗಿದ ದಿನ ಒಬ್ಬರು ಹಾಲಿನ ಸೋಫಾದಲ್ಲಿ ಕೂರಲಿ, ಇನ್ನೊಬ್ಬರು ಒಳಗೆ ಫ್ಯಾನು ಹಾಕಿ, ನಲ್ಲಿ ಬಿಟ್ಟು, ಫ್ಲಶ್ ಮಾಡಿ, ಕೆಮ್ಮಲಿ. ಏನೇನು ಕೇಳಿತು ಎಂದು ಬರೆದುಕೊಳ್ಳಿ. ಆಮೇಲೆ ಆ ಕೋಣೆಯನ್ನು ನೋಡಿಯೇ ಇರದ ಒಬ್ಬರನ್ನು ಕರೆದು, ಏನೂ ವಿವರಿಸದೆ, "ಬಾಗಿಲು ಅಲ್ಲಿದೆ" ಎಂದಷ್ಟೇ ಹೇಳಿ ಕಳಿಸಿ. ಆ ಮನೆಗೆ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ದೀಪ ತಾವೇ ಹಾಕಿಕೊಂಡರು, ಚಿಲಕ ಬಿದ್ದ ಸದ್ದು ಕೇಳಿತು, ನಾವು ಹೊರಗೆ ಕಾಫಿ ಕುಡಿಯುತ್ತ ಕಾದೆವು. ಹೊರಗೆ ಬಂದು ಒದ್ದೆಯಿಲ್ಲದ ಕೈಯಲ್ಲೇ ಲೋಟ ತೆಗೆದುಕೊಂಡರು. "ಎಲ್ಲ ಸರಿ ಇದೆ, ಬಾಗಿಲ ಹಿಂದಿನ ಕೊಕ್ಕೆ ಮಾತ್ರ ನನಗೆ ಎತ್ತರ ಆಯ್ತಮ್ಮ, ಭುಜ ಏಳಲ್ಲ" ಎಂದರು. ಬಡಗಿ ಇನ್ನೂ ಅಲ್ಲೇ ಇದ್ದ. ಐದೂವರೆ ಅಡಿಯಲ್ಲಿದ್ದ ಕೊಕ್ಕೆ ನಾಲ್ಕೂವರೆಗೆ ಇಳಿಯಿತು.